ಒಂದೇ ಮನೆಯ ಎರಡು ಬಕೆಟ್: ಬಟ್ಟೆ ತೊಳೆಯುವ ಪುಡಿ ಮತ್ತು ಮಾರುಕಟ್ಟೆಯ ತಂತ್ರ

ವಾಣಿಜ್ಯ ಮತ್ತು ನಿರ್ವಹಣಾ ಶಾಸ್ತ್ರದ ಒಂದು ವಿಷಯವನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ನಾನು ಆರಿಸಿಕೊಂಡಿರುವುದು ನಿರ್ವಹಣಾ ಪತ್ರಿಕೆಯಲ್ಲಿ ಪ್ರತಿ ವರ್ಷ ತಪ್ಪದೆ ಬರುವ ಪ್ರಶ್ನೆಯನ್ನು. ಮಾರುಕಟ್ಟೆ ವಿಂಗಡಣೆ, ಗುರಿ ಆಯ್ಕೆ, ಸ್ಥಾನೀಕರಣ, ಮಾರುಕಟ್ಟೆ ಮಿಶ್ರಣ. ಉತ್ತರ ಪತ್ರಿಕೆಗಳಲ್ಲಿ ಈ ನಾಲ್ಕೂ ಬೇರೆ ಬೇರೆ ಪುಟಗಳಲ್ಲಿ, ಒಂದಕ್ಕೊಂದು ಪರಿಚಯವೇ ಇಲ್ಲದವರಂತೆ ನಿಂತಿರುತ್ತವೆ. ವಿಂಗಡಣೆ ಎಂದರೆ ಭೌಗೋಳಿಕ, ಜನಸಂಖ್ಯಾತ್ಮಕ, ಮನೋವೈಜ್ಞಾನಿಕ, ವರ್ತನಾತ್ಮಕ. ಮಿಶ್ರಣ ಎಂದರೆ ಉತ್ಪನ್ನ, ಬೆಲೆ, ವಿತರಣೆ, ಪ್ರಚಾರ. ಅಂಕವೇನೋ ಬರುತ್ತದೆ. ಆದರೆ ಮೊದಲನೆಯದರಲ್ಲಿ ಮಾಡಿದ ತಪ್ಪು ನಾಲ್ಕನೆಯದನ್ನು ಹೇಗೆ ಕೆಡಿಸುತ್ತದೆ ಎಂಬುದು ಆ ಉತ್ತರ ಬರೆದವರಿಗೂ ಗೊತ್ತಾಗುವುದಿಲ್ಲ, ಓದಿದವರಿಗೂ ಗೊತ್ತಾಗುವುದಿಲ್ಲ. ಇವತ್ತು ಅದನ್ನೇ ಹೇಳಬೇಕೆಂದಿದ್ದೇನೆ. ಉದಾಹರಣೆ ಒಂದೇ ಸಾಕು. ನಮ್ಮ ದೇಶದ್ದೇ ಆದ, ಎಲ್ಲರ ಬಚ್ಚಲಿಗೂ ಬಂದು ಹೋದ ಬಟ್ಟೆ ತೊಳೆಯುವ ಪುಡಿ.

ಹಿಂದುಸ್ತಾನ್ ಲಿವರ್ ಕಂಪನಿ ಭಾರತದಲ್ಲಿ ಸರ್ಫ್ ಪುಡಿಯನ್ನು ತಂದದ್ದು 1959ರಲ್ಲಿ. ಅಲ್ಲಿಯವರೆಗೆ ಬಟ್ಟೆ ತೊಳೆಯುವುದೆಂದರೆ ಬಾರ್ ಸೋಪು, ಇಲ್ಲವೇ ಕಲ್ಲಿನ ಮೇಲೆ ಸೆಣೆದು ತೆಗೆಯುವ ಶ್ರಮ. ಬಕೆಟ್ಟಿನಲ್ಲಿ ಪುಡಿ ಕರಗಿಸಿ ಬಟ್ಟೆ ನೆನೆಹಾಕುವ ಅಭ್ಯಾಸವನ್ನು ಪಟ್ಟಣದ ಮನೆಗಳಿಗೆ ಕಲಿಸಿದ್ದರಲ್ಲಿ ಸರ್ಫ್‌ನ ಪಾಲು ದೊಡ್ಡದು. ಹತ್ತು ವರ್ಷದ ನಂತರ, 1969ರಲ್ಲಿ, ಗುಜರಾತ್ ಸರ್ಕಾರದ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಕೆಮಿಸ್ಟ್ ಆಗಿದ್ದ ಕರ್ಸನ್‌ಭಾಯಿ ಪಟೇಲ್ ಅಹಮದಾಬಾದಿನ ತಮ್ಮ ಮನೆಯ ಹಿತ್ತಲಿನಲ್ಲಿ ಹಳದಿ ಬಣ್ಣದ ಪುಡಿಯೊಂದನ್ನು ಕೈಯಿಂದಲೇ ಬೆರೆಸಿ, ಪೊಟ್ಟಣ ಕಟ್ಟಿ, ಸೈಕಲ್ ಮೇಲೆ ಮನೆಮನೆಗೆ ಒಯ್ದು ಮಾರಲು ಶುರು ಮಾಡಿದರು. ಮಗಳ ಹೆಸರಿನಿಂದ ಅದಕ್ಕೆ ನಿರ್ಮಾ ಎಂದು ಹೆಸರಿಟ್ಟರು. ಆಗ ಅದರ ಬೆಲೆ ಕಿಲೋಗೆ ಮೂರೂವರೆ ರೂಪಾಯಿಯ ಆಸುಪಾಸು. ಸರ್ಫ್‌ನ ಬೆಲೆ ಅದರ ನಾಲ್ಕರಷ್ಟರ ಹತ್ತಿರ. ಅದೇ 1969ರಲ್ಲಿ ಅಮೆರಿಕದಲ್ಲಿ ಜ್ಯಾಕ್ ಟ್ರೌಟ್ ಪೊಸಿಷನಿಂಗ್, ಅಂದರೆ ಸ್ಥಾನೀಕರಣದ ಕುರಿತ ತಮ್ಮ ಮೊದಲ ಲೇಖನ ಪ್ರಕಟಿಸಿದರು. ಇಬ್ಬರಿಗೂ ಪರಸ್ಪರ ಏನೂ ಗೊತ್ತಿರಲಿಲ್ಲ. ಆದರೂ ಟ್ರೌಟ್ ಅವರ ವಾದಕ್ಕೆ ನಿರ್ಮಾಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ ಎಂದು ನನಗೆ ಯಾವಾಗಲೂ ಅನ್ನಿಸಿದೆ.

1980ರ ದಶಕದ ನಡುವಿಗೆ ಬರುವಷ್ಟರಲ್ಲಿ ಮಾರಾಟವಾಗುವ ತೂಕದಲ್ಲಿ ನಿರ್ಮಾ ಸರ್ಫನ್ನು ಹಿಂದೆ ಹಾಕಿತ್ತು. ದೇಶದ ಅತಿ ದೊಡ್ಡ, ಅತಿ ಅನುಭವಿ ಗ್ರಾಹಕ ವಸ್ತುಗಳ ಕಂಪನಿಗೆ ಇದು ಬಹಳ ಕಾಲ ಅರ್ಥವಾಗಲಿಲ್ಲ. ಏಕೆ ಅರ್ಥವಾಗಲಿಲ್ಲ ಎಂಬಲ್ಲಿಂದಲೇ ವಿಂಗಡಣೆಯ ಪಾಠ ಶುರುವಾಗುತ್ತದೆ.

ಮಾರುಕಟ್ಟೆ ವಿಂಗಡಣೆ ಎಂಬ ವಿಚಾರವನ್ನು ವೆಂಡೆಲ್ ಸ್ಮಿತ್ 1956ರಲ್ಲಿ ಒಂದು ಲೇಖನದಲ್ಲಿ ಸ್ಪಷ್ಟವಾಗಿ ಮುಂದಿಟ್ಟರು. ಹೊರಗಿನಿಂದ ಒಂದೇ ಎಂದು ಕಾಣುವ ಮಾರುಕಟ್ಟೆಯೊಳಗೆ ಬೇಡಿಕೆಗಳು ಹಲವು ಇರುತ್ತವೆ, ಆ ಒಂದೊಂದು ಬೇಡಿಕೆಗೂ ತಕ್ಕಂತೆ ವಸ್ತುವನ್ನು ಹೊಂದಿಸಬಹುದು ಎಂಬುದು ಅದರ ಸಾರ. ಇಲ್ಲಿ ಗಮನವೆಲ್ಲ ಬೇಡಿಕೆಯ ಮೇಲಿದೆ. ನಾವು ತರಗತಿಯಲ್ಲಿ ಇದನ್ನು ಬಿಟ್ಟು ಜನರನ್ನು ವಿಂಗಡಿಸಲು ಹೋಗುತ್ತೇವೆ. ಆದಾಯ ಇಷ್ಟಿದ್ದವರು ಮೇಲ್ವರ್ಗ, ಇಷ್ಟಿದ್ದವರು ಮಧ್ಯಮ, ಉಳಿದವರು ಕೆಳವರ್ಗ. ಹಾಗೆ ನೋಡಿದರೆ ನಿರ್ಮಾ ಎಂದರೆ ಸರ್ಫ್ ಕೊಳ್ಳಲಾಗದ ಬಡವರ ಸರ್ಫ್. ಬಡವರಿಗೆ ಹಣ ಬಂದ ಮೇಲೆ ಅವರು ಸರ್ಫ್‌ಗೆ ಬರುತ್ತಾರೆ, ಅಲ್ಲಿಯವರೆಗೆ ಕಾಯಬಹುದು.

ಬಚ್ಚಲಿನೊಳಗೆ ಹೋಗಿ ನೋಡಿದರೆ ಚಿತ್ರ ಬೇರೆ. ಎಷ್ಟೋ ಮಧ್ಯಮವರ್ಗದ ಮನೆಗಳಲ್ಲಿ ಎರಡು ಬಕೆಟ್ ಇರುತ್ತಿತ್ತು. ಒಂದರಲ್ಲಿ ಯಜಮಾನರ ಆಫೀಸಿನ ಶರ್ಟು, ಮಕ್ಕಳ ಬಿಳಿ ಯೂನಿಫಾರಂ, ಹೊರಗೆ ಉಡುವ ಸೀರೆ. ಅದಕ್ಕೆ ಸರ್ಫ್ ಹಾಕಿದರೆ ಹಾಕಲಿ. ಇನ್ನೊಂದರಲ್ಲಿ ಲುಂಗಿ, ಹೊದಿಕೆ, ಮೆಟ್ಟಿಲಿನ ಹತ್ತಿರದ ಕಾಲೊರಸು, ಅಡುಗೆಮನೆಯ ಮಸಿಬಟ್ಟೆ. ಅದಕ್ಕೆ ನಿರ್ಮಾ. ಮನೆ ಒಂದೇ, ಆದಾಯ ಒಂದೇ, ತೊಳೆಯುವ ಕೈಯೂ ಒಂದೇ. ವಿಭಾಗ ಮಾತ್ರ ಎರಡು. ಆದಾಯದ ಕೋಷ್ಟಕದಲ್ಲಿ ಈ ಎರಡನೆಯ ಬಕೆಟ್ ಎಲ್ಲಿಯೂ ಕಾಣುವುದಿಲ್ಲ.

ನಿರ್ಮಾ ಕೊಂಡವರಲ್ಲಿ ಎರಡನೆಯ ಗುಂಪು ಇನ್ನೂ ದೊಡ್ಡದು. ಅವರು ಸರ್ಫ್ ಕೊಳ್ಳುತ್ತಲೇ ಇರಲಿಲ್ಲ. ಬಾರ್ ಸೋಪಿನಲ್ಲಿ ಬಟ್ಟೆ ತಿಕ್ಕುತ್ತಿದ್ದವರು ಅವರು. ಅವರ ಮನೆಯಲ್ಲಿ ನಿರ್ಮಾ ಪೈಪೋಟಿಗೆ ನಿಂತದ್ದು ಸೋಪಿನ ಜೊತೆಗೆ. ಇಲ್ಲಿ ನಮ್ಮ ಬಯಲುಸೀಮೆಯವರಿಗೆ ಚೆನ್ನಾಗಿ ಗೊತ್ತಿರುವ ಒಂದು ಸಂಗತಿ ಸೇರಿಸಬೇಕು. ಕೋಲಾರ, ಚಿತ್ರದುರ್ಗದ ಕಡೆಯ ಕೊಳವೆ ಬಾವಿಯ ಗಡಸು ನೀರಿನಲ್ಲಿ ಸೋಪು ಸರಿಯಾಗಿ ನೊರೆ ಬಿಡುವುದಿಲ್ಲ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಕೂಡಿ ಬಿಳಿ ಜಿಗುಟಾಗಿ ಬಟ್ಟೆಗೆ ಅಂಟುತ್ತದೆ, ಒಣಗಿದ ಮೇಲೆ ಬಟ್ಟೆ ಮಂಕಾಗುತ್ತದೆ. ಡಿಟರ್ಜೆಂಟಿಗೆ ಈ ತೊಂದರೆ ಬಹಳ ಕಡಿಮೆ. ಹಾಗಾಗಿ ಗಡಸು ನೀರಿನ ಊರಿನಲ್ಲಿ ಅಗ್ಗದ ಪುಡಿಯೊಂದು ಬಂದರೆ ಅದು ಸೋಪಿಗಿಂತ ಮೇಲಿನ ವಸ್ತುವಾಗಿಯೇ ಕಾಣುತ್ತದೆ. ಭೌಗೋಳಿಕ ವಿಂಗಡಣೆ ಎಂದು ಬರೆದು ಉತ್ತರ ಭಾರತ, ದಕ್ಷಿಣ ಭಾರತ ಎಂದು ಉದಾಹರಣೆ ಕೊಡುವ ಬದಲು ನೀರಿನ ಗಡಸುತನ ಎಂದು ಬರೆದರೆ ಆ ಉತ್ತರಕ್ಕೆ ಅರ್ಥ ಬರುತ್ತದೆ.

ಒಂದು ವಿಂಗಡಣೆ ನಿಜವಾದದ್ದೋ, ಕಾಗದದ ಮೇಲಿನದೋ ಎಂದು ತಿಳಿಯುವುದು ಹೇಗೆ? ಪರೀಕ್ಷೆ ಸರಳ. ಬೆಲೆ ಒಂದು ರೂಪಾಯಿ ಇಳಿಸಿದಾಗ, ಅಥವಾ ಸುವಾಸನೆ ಸೇರಿಸಿದಾಗ, ಎರಡು ಗುಂಪುಗಳ ಪ್ರತಿಕ್ರಿಯೆ ಬೇರೆ ಬೇರೆಯಾಗಬೇಕು. ಒಂದೇ ರೀತಿ ಇದ್ದರೆ ಅವು ಎರಡು ವಿಭಾಗಗಳಲ್ಲ, ಹೆಸರು ಎಷ್ಟೇ ಚೆನ್ನಾಗಿರಲಿ. ಸರ್ಫ್‌ನ ಬಕೆಟ್ಟಿಗೆ ಬಿಳುಪು, ಸುವಾಸನೆ, ಬಣ್ಣ ಹೋಗದಿರುವುದು ಮುಖ್ಯ. ಎರಡನೆಯ ಬಕೆಟ್ಟಿಗೆ ಕೊಳೆ ಬಿಡಬೇಕು, ಖರ್ಚು ಕಡಿಮೆಯಾಗಬೇಕು, ಅಷ್ಟೇ.

ಈಗ ಗುರಿ ಆಯ್ಕೆಯ ಮಾತು. ವಿಭಾಗಗಳು ಕಂಡವು, ಯಾವುದನ್ನು ಹಿಡಿಯಬೇಕು? ವಿಭಾಗ ಅಳೆಯುವಂತಿರಬೇಕು, ಕೈಗೆ ಎಟುಕುವಂತಿರಬೇಕು, ಲಾಭವಾಗುವಷ್ಟು ದೊಡ್ಡದಿರಬೇಕು ಎಂದೆಲ್ಲ ಪುಸ್ತಕಗಳು ಹೇಳುತ್ತವೆ. ಇವುಗಳಲ್ಲಿ ಲಾಭದ ಲೆಕ್ಕವೇ ಅತ್ಯಂತ ಸುಲಭವಾಗಿ ತಪ್ಪುವಂಥದ್ದು. ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಒಂದು ಪೊಟ್ಟಣದ ಮೇಲೆ ಎಷ್ಟು ಉಳಿಯುತ್ತದೆ ಎಂದು ನೋಡುತ್ತವೆ. ಅಗ್ಗದ ಪುಡಿಯಲ್ಲಿ ಉಳಿಯುವುದು ಕಡಿಮೆ, ಆದ್ದರಿಂದ ಆ ವಿಭಾಗ ಬೇಡ.

ಸಿ.ಕೆ. ಪ್ರಹ್ಲಾದ್ ಮತ್ತು ಸ್ಟುವರ್ಟ್ ಹಾರ್ಟ್ 2002ರ ತಮ್ಮ ಪ್ರಸಿದ್ಧ ಲೇಖನದಲ್ಲಿ 1999ರ ಭಾರತದ ಡಿಟರ್ಜೆಂಟ್ ಮಾರುಕಟ್ಟೆಯ ಅಂಕಿಗಳನ್ನು ಕೊಟ್ಟಿದ್ದಾರೆ. ಹಿಂದುಸ್ತಾನ್ ಲಿವರ್‌ನ ಮೇಲ್ದರ್ಜೆಯ ಪುಡಿಗಳ ಒಟ್ಟು ಲಾಭಾಂಶ ಶೇಕಡಾ 25, ನಿರ್ಮಾದ್ದು ಶೇಕಡಾ 18. ಇಷ್ಟೇ ನೋಡಿದರೆ ಸರ್ಫ್ ಗೆದ್ದಂತೆ. ಆದರೆ ಹೂಡಿದ ಬಂಡವಾಳದ ಮೇಲಿನ ಪ್ರತಿಫಲ ಮೇಲ್ದರ್ಜೆಯ ಪುಡಿಗಳಲ್ಲಿ ಶೇಕಡಾ 22, ನಿರ್ಮಾದಲ್ಲಿ ಶೇಕಡಾ 121.

ಇದು ಹೇಗೆ ಸಾಧ್ಯ ಎಂದು ವಿದ್ಯಾರ್ಥಿಗಳು ಕೇಳಬೇಕು. ನೂರು ರೂಪಾಯಿ ಬಂಡವಾಳ ಇದೆ ಎಂದುಕೊಳ್ಳೋಣ. ಆ ನೂರರ ಮೇಲೆ 121 ರೂಪಾಯಿ ಲಾಭ ಬರಬೇಕು, ಮಾರಿದ ಪ್ರತಿ ನೂರು ರೂಪಾಯಿಯಲ್ಲಿ ಉಳಿಯುವುದು ಹೆಚ್ಚೆಂದರೆ 18. ಹಾಗಾದರೆ ವರ್ಷದಲ್ಲಿ ಕನಿಷ್ಠ 670 ರೂಪಾಯಿಯ ಮಾರಾಟವಾಗಬೇಕು. ಅಂದರೆ ಅದೇ ನೂರು ರೂಪಾಯಿ ವರ್ಷಕ್ಕೆ ಏಳು ಸಲದ ಹತ್ತಿರ ತಿರುಗಬೇಕು. ಆಡಳಿತ, ಜಾಹೀರಾತಿನ ಖರ್ಚು ಕಳೆದರೆ ಇನ್ನೂ ಹೆಚ್ಚು. ಗೋದಾಮಿನಲ್ಲಿ ಸರಕು ಕೊಳೆಯದೆ, ಸಾಲ ಬಾಕಿ ಉಳಿಯದೆ, ಕಾರ್ಖಾನೆಯಲ್ಲಿ ಹಣ ಸಿಕ್ಕಿಹಾಕಿಕೊಳ್ಳದೆ ಇದ್ದರೆ ಮಾತ್ರ ಇದು ಆಗುತ್ತದೆ. ಪೊಟ್ಟಣದ ಮೇಲಿನ ಲಾಭವನ್ನೇ ನೋಡುತ್ತಿದ್ದವರಿಗೆ ಬಂಡವಾಳ ತಿರುಗುವ ವೇಗ ಕಾಣಿಸಲಿಲ್ಲ. ಗುರಿ ಆಯ್ಕೆಯ ಪ್ರಶ್ನೆಗೆ ಉತ್ತರ ಬರೆಯುವವರು ವಿಭಾಗದ ಗಾತ್ರವೊಂದನ್ನೇ ಬರೆದು ನಿಲ್ಲಿಸುತ್ತಾರೆ. ಆ ವಿಭಾಗಕ್ಕೆ ಎಷ್ಟು ಬಂಡವಾಳ ಬೇಕು, ಅದು ಎಷ್ಟು ಬೇಗ ಮರಳುತ್ತದೆ ಎಂದು ಇನ್ನೆರಡು ಸಾಲು ಬರೆಯಿರಿ ಎಂದು ನಾನು ಪ್ರತಿ ತರಗತಿಯಲ್ಲೂ ಒತ್ತಾಯಿಸುತ್ತೇನೆ.

ಮೂರನೆಯದು ಸ್ಥಾನೀಕರಣ, ಗ್ರಾಹಕರ ಮನಸ್ಸಿನಲ್ಲಿ ಬೇರೆಯವರಿಗೆ ಹೋಲಿಸಿದಾಗ ನಮ್ಮ ವಸ್ತು ಎಲ್ಲಿ ನಿಲ್ಲುತ್ತದೆ ಎಂಬುದು. 1980ರ ದಶಕದಲ್ಲಿ ಟಿವಿ ನೋಡುತ್ತಿದ್ದವರಿಗೆ ಸರ್ಫ್ ಜಾಹೀರಾತಿನ ಲಲಿತಾಜಿ ನೆನಪಿರಬೇಕು. ಲಿಂಟಾಸ್ ಸಂಸ್ಥೆಯಲ್ಲಿ ಅಲೀಕ್ ಪದಮ್ಸೀ ರೂಪಿಸಿದ ಪಾತ್ರ, ನಟಿಸಿದ್ದು ಕವಿತಾ ಚೌಧರಿ. ತರಕಾರಿಯವನ ಹತ್ತಿರ ಚೌಕಾಸಿ ಮಾಡುವ, ನೀಲಿ ಅಂಚಿನ ಸೀರೆಯುಟ್ಟ ಜಾಣ ಗೃಹಿಣಿ. ಪ್ರತಿ ಪೈಸೆ ಎಣಿಸುವ ನೀವು ದುಬಾರಿ ಸರ್ಫ್ ಏಕೆ ಕೊಳ್ಳುತ್ತೀರಿ ಎಂದರೆ ಆಕೆಯ ಉತ್ತರ: ಅಗ್ಗದ ಪುಡಿ ಒಂದು ಕಿಲೋದಲ್ಲಿ ಮಾಡುವ ಕೆಲಸವನ್ನು ಸರ್ಫ್ ಅರ್ಧ ಕಿಲೋದಲ್ಲಿ ಮಾಡುತ್ತದೆ.

ಜಾಹೀರಾತು ಅದ್ಭುತ, ಈಗಲೂ ಅದನ್ನು ಮೆಚ್ಚುತ್ತೇನೆ. ಆದರೆ ಅದರ ಲೆಕ್ಕ ಹಾಕಿ ನೋಡೋಣ. ಲಲಿತಾಜಿಯ ಮಾತು ಪೂರ್ತಿ ನಿಜ ಎಂದೇ ಇಟ್ಟುಕೊಳ್ಳೋಣ. ಬೆಲೆಯ ಅಂತರ ಎರಡರಷ್ಟಿದ್ದರೆ ಅರ್ಧ ಕಿಲೋ ಸರ್ಫ್‌ಗೂ ಒಂದು ಕಿಲೋ ನಿರ್ಮಾಗೂ ಖರ್ಚು ಸಮ. ಅಂತರ ಮೂರರಷ್ಟಿದ್ದರೆ ಸರ್ಫ್ ಒಂದೂವರೆ ಪಟ್ಟು, ನಾಲ್ಕರಷ್ಟಿದ್ದರೆ ಎರಡು ಪಟ್ಟು ದುಬಾರಿ. ಅಂದರೆ ಈ ವಾದ ಗೆಲ್ಲುವುದು ಬೆಲೆಯ ಅಂತರ ಎರಡರಷ್ಟಕ್ಕಿಂತ ಕಡಿಮೆ ಇದ್ದಾಗ ಮಾತ್ರ. ವಾರದ ಕೂಲಿ ಸಿಕ್ಕ ದಿನ ಅಂಗಡಿಗೆ ಬರುವವರಿಗಂತೂ ತಿಂಗಳ ಕೊನೆಯ ಉಳಿತಾಯಕ್ಕಿಂತ ಇವತ್ತು ಕೈಯಿಂದ ಹೋಗುವ ದುಡ್ಡು ಮುಖ್ಯ. ಹಾಗಾಗಿ ಲಲಿತಾಜಿ ಮಾತಾಡಿದ್ದು ಸರ್ಫ್ ಬಿಡಲೋ ಬೇಡವೋ ಎಂದು ಅನುಮಾನದಲ್ಲಿದ್ದ ಗೃಹಿಣಿಯ ಜೊತೆ. ಆಕೆಯನ್ನು ಹಿಡಿದಿಟ್ಟುಕೊಳ್ಳಲು ಅದು ಸರಿಯಾದ ಮಾತು. ನಿರ್ಮಾದ ಗ್ರಾಹಕರನ್ನು ಕರೆತರಲು ಅದು ಸರಿಯಾದ ಮಾತಲ್ಲ.

ಅವರನ್ನು ಕರೆತರಲು ಬೇರೆ ವಸ್ತುವೇ ಬೇಕಿತ್ತು. ಅದಕ್ಕೆ ಎಲ್ಲಿ ಜಾಗ ಇದೆ ಎಂದು ಹುಡುಕುವ ಸಾಧನವೇ ಗ್ರಹಿಕೆಯ ನಕ್ಷೆ. ಇದನ್ನು ವಿದ್ಯಾರ್ಥಿಗಳು ಬಿಡಿಸುವ ರೀತಿಯಲ್ಲಿ ಒಂದು ದೋಷವಿದೆ. ಒಂದು ಅಕ್ಷದ ಮೇಲೆ ಬೆಲೆ, ಇನ್ನೊಂದರ ಮೇಲೆ ಗುಣಮಟ್ಟ ಬರೆಯುತ್ತಾರೆ. ಬೆಲೆ ಏರಿದಂತೆ ಗುಣಮಟ್ಟವೂ ಏರುತ್ತದೆ ಎಂದು ಜನ ನಂಬುವುದರಿಂದ ಎಲ್ಲ ಬ್ರಾಂಡುಗಳೂ ಕೆಳಗಿನ ಎಡ ಮೂಲೆಯಿಂದ ಮೇಲಿನ ಬಲ ಮೂಲೆಗೆ ಒಂದೇ ಗೆರೆಯ ಮೇಲೆ ಬಂದು ಕೂರುತ್ತವೆ. ಆ ನಕ್ಷೆ ಹೊಸದೇನನ್ನೂ ತೋರಿಸುವುದಿಲ್ಲ. ಒಂದು ಇನ್ನೊಂದನ್ನು ಅವಲಂಬಿಸದ ಅಕ್ಷಗಳು ಬೇಕು. ಕೊಳೆ ತೆಗೆಯುವ ಶಕ್ತಿ ಒಂದು, ಕೈಗೆ ಹಿತವಾಗಿರುವುದು ಇನ್ನೊಂದು ಎಂದು ಇಟ್ಟುಕೊಳ್ಳಿ. ನಿರ್ಮಾದಲ್ಲಿ ಸಕ್ರಿಯ ಡಿಟರ್ಜೆಂಟಿನ ಅಂಶ ಕಡಿಮೆ, ಸೋಡಾ ಆ್ಯಶ್ ಹೆಚ್ಚು. ಸೋಡಾ ಅಗ್ಗ, ಜಿಡ್ಡನ್ನೂ ಬಿಡಿಸುತ್ತದೆ, ಆದರೆ ಕ್ಷಾರ. ದಿನವೂ ಬಕೆಟ್ಟಿನಲ್ಲಿ ಕೈ ಅದ್ದುವವರ ಬೆರಳ ಸಂದಿ ಒಣಗಿ ಉರಿಯುತ್ತದೆ. ನಕ್ಷೆಯಲ್ಲಿ ಈಗ ಖಾಲಿ ಜಾಗ ಕಾಣುತ್ತದೆ: ನಿರ್ಮಾದ ಬೆಲೆಯ ಹತ್ತಿರ, ಕೊಳೆ ತೆಗೆಯುವುದರಲ್ಲಿ ಕಡಿಮೆಯಿಲ್ಲ, ಆದರೆ ಕೈಗೂ ಬಟ್ಟೆಗೂ ಅಷ್ಟು ಕಟುವಲ್ಲ. 1980ರ ದಶಕದ ಕೊನೆಯಲ್ಲಿ ಹಿಂದುಸ್ತಾನ್ ಲಿವರ್ ತಂದ ವೀಲ್ ನಿಂತದ್ದು ಅಲ್ಲಿ.

ಇಲ್ಲಿಂದ ಮಿಶ್ರಣಕ್ಕೆ ದಾರಿ. ಮಿಶ್ರಣ ಎಂಬ ಪರಿಕಲ್ಪನೆಯನ್ನು ಬೆಳೆಸಿದವರು ಹಾರ್ವರ್ಡ್‌ನ ನೀಲ್ ಬೋರ್ಡನ್. ಅವರ ಪಟ್ಟಿಯಲ್ಲಿ ಹನ್ನೆರಡು ಅಂಶಗಳಿದ್ದವು. ಅದನ್ನು ನಾಲ್ಕಕ್ಕೆ ಇಳಿಸಿದ್ದು ಜೆರೋಮ್ ಮೆಕಾರ್ಥಿ, 1960ರಲ್ಲಿ. ಸೇವೆಗಳಿಗೆ ಇನ್ನೂ ಮೂರನ್ನು ಸೇರಿಸಿ ಏಳು ಮಾಡಿದ್ದು ಬೂಮ್ಸ್ ಮತ್ತು ಬಿಟ್ನರ್, 1981ರಲ್ಲಿ. ಸಂಖ್ಯೆ ನೆನಪಿಟ್ಟುಕೊಳ್ಳಿ, ಅದರ ಬಗ್ಗೆ ಇಷ್ಟೇ ಸಾಕು. ಮುಖ್ಯವಾದದ್ದು, ನಾಲ್ಕೂ ಅಂಶಗಳು ಒಂದೇ ಸ್ಥಾನಕ್ಕೆ ದುಡಿಯಬೇಕು.

ನಿರ್ಮಾದ ಮಿಶ್ರಣವನ್ನು ಹತ್ತಿರದಿಂದ ನೋಡಿ. ಸರ್ಫ್ ತಯಾರಾಗುತ್ತಿದ್ದುದು ದೊಡ್ಡ ಗೋಪುರದಲ್ಲಿ. ದ್ರವದ ಮಿಶ್ರಣವನ್ನು ಮೇಲಿನಿಂದ ಸಿಂಪಡಿಸಿ ಬಿಸಿ ಗಾಳಿಯಲ್ಲಿ ಒಣಗಿಸಿದರೆ ಒಳಗೆ ಪೊಳ್ಳಾದ, ಹಗುರವಾದ ಹರಳುಗಳು ಸಿಗುತ್ತವೆ. ಗೋಪುರಕ್ಕೆ ಬಂಡವಾಳ ಬೇಕು, ಇಂಧನ ಬೇಕು. ನಿರ್ಮಾ ಒಣ ಪದಾರ್ಥಗಳನ್ನು ಕೈಯಿಂದ ಬೆರೆಸಿದ ಪುಡಿ. ಯಂತ್ರ ಇಲ್ಲದ ಸಣ್ಣ ಪ್ರಮಾಣದ ತಯಾರಿಕೆಗೆ ಆಗಿನ ಅಬಕಾರಿ ಸುಂಕದ ರಿಯಾಯಿತಿಯೂ ಸಿಗುತ್ತಿತ್ತು. ಪ್ಯಾಕ್ ಬಣ್ಣದ ರಟ್ಟಿನ ಪೆಟ್ಟಿಗೆಯಲ್ಲ, ಸಾದಾ ಪ್ಲಾಸ್ಟಿಕ್ ಚೀಲ. ಹೀಗೆ ಕಡಿಮೆ ಬೆಲೆ ಎಂಬುದು ಕೊನೆಗೆ ಅಂಟಿಸಿದ ಚೀಟಿಯಾಗಿರಲಿಲ್ಲ, ಪುಡಿ ಬೆರೆಸುವ ವಿಧಾನದಿಂದಲೇ ಹುಟ್ಟಿ ಬಂದದ್ದು. ಪ್ರಚಾರದಲ್ಲಿ ಮೊದಲು ರೇಡಿಯೋ, ಆಮೇಲೆ ಟಿವಿ, ಎಲ್ಲ ಕಡೆ ಅದೇ ಹಾಡು, ಚೀಲದ ಮೇಲೆ ಬಿಳಿ ಫ್ರಾಕ್ ತೊಟ್ಟು ಗಿರಕಿ ಹೊಡೆಯುವ ಅದೇ ಹುಡುಗಿ. ವರ್ಷಗಟ್ಟಲೆ ಬದಲಾಯಿಸಲಿಲ್ಲ. ಹೊಸ ಜಾಹೀರಾತಿನ ಖರ್ಚೂ ಉಳಿಯಿತು, ಗುರುತೂ ಗಟ್ಟಿಯಾಯಿತು.

ಇದರಲ್ಲಿ ಒಂದನ್ನು ಬದಲಿಸಿ ನೋಡಿ, ಮಿಶ್ರಣ ಎಂದರೇನು ಎಂದು ಆಗ ಗೊತ್ತಾಗುತ್ತದೆ. ಅದೇ ಪುಡಿಯನ್ನು ಗೋಪುರದಲ್ಲಿ ಒಣಗಿಸಿದರೆ ಬೆಲೆ ಏರುತ್ತದೆ, ಬೆಲೆ ಏರಿದರೆ ಸೋಪಿನವರು ಬರುವುದಿಲ್ಲ. ಪೆಟ್ಟಿಗೆಗೆ ಹಾಕಿದರೂ ಅದೇ ಕಥೆ. ಹೀಗೆ ಒಂದು ಅಂಶವನ್ನು ತೆಗೆದಾಗ ಉಳಿದ ಮೂರು ಕುಸಿದರೆ ಅದು ನಿಜವಾದ ಮಿಶ್ರಣ. ಒಂದನ್ನು ತೆಗೆದರೂ ಏನೂ ಆಗದಿದ್ದರೆ, ಅದು ಆ ಸ್ಥಾನಕ್ಕಾಗಿ ದುಡಿಯುತ್ತಿರಲೇ ಇಲ್ಲ.

ಹಿಂದುಸ್ತಾನ್ ಲಿವರ್ ಕೂಡ ಇದನ್ನೇ ಕಲಿಯಬೇಕಾಯಿತು. ಸರ್ಫ್‌ನ ಬೆಲೆ ಇಳಿಸಿ ನಿರ್ಮಾವನ್ನು ಎದುರಿಸಲು ಸಾಧ್ಯವಿರಲಿಲ್ಲ. ಹಾಗೆ ಮಾಡಿದ್ದರೆ ಸರ್ಫ್‌ನ ಸ್ಥಾನವೂ ಹೋಗುತ್ತಿತ್ತು, ಖರ್ಚಿನ ಹೊರೆ ಮಾತ್ರ ಹಾಗೇ ಉಳಿಯುತ್ತಿತ್ತು. ವೀಲ್‌ಗಾಗಿ ಅವರು ಪುಡಿಯ ಸೂತ್ರ ಬದಲಿಸಿದರು, ತಯಾರಿಕೆಯನ್ನು ಒಂದೇ ಕಡೆ ಇಡದೆ ಹಂಚಿದರು, ಸಣ್ಣ ಊರಿನ ಅಂಗಡಿಗಳಿಗೆ ತಲುಪುವ ವಿತರಣೆಯನ್ನು ಬೇರೆಯಾಗಿ ಕಟ್ಟಿದರು. ಪ್ರಹ್ಲಾದ್ ಮತ್ತು ಹಾರ್ಟ್ ಕೊಟ್ಟ ಅದೇ 1999ರ ಅಂಕಿಗಳಲ್ಲಿ ವೀಲ್‌ನ ಲಾಭಾಂಶ ನಿರ್ಮಾದಷ್ಟೇ ಶೇಕಡಾ 18, ಬಂಡವಾಳದ ಮೇಲಿನ ಪ್ರತಿಫಲ ಶೇಕಡಾ 93. ಒಂದೇ ಕಂಪನಿ, ಎರಡು ಸ್ಥಾನ, ಎರಡು ಪೂರ್ತಿ ಬೇರೆ ಮಿಶ್ರಣ.

ಇದರಲ್ಲಿ ಅಪಾಯವೂ ಇದೆ. ಕೆಳಗಿನ ಬ್ರಾಂಡ್ ಮೇಲಿನ ಬ್ರಾಂಡನ್ನು ತಿನ್ನಬಹುದು. ತಿನ್ನುತ್ತಿದೆಯೋ ಇಲ್ಲವೋ ಎಂದು ಒಟ್ಟು ಮಾರಾಟ ನೋಡಿದರೆ ತಿಳಿಯುವುದಿಲ್ಲ. ಹೊಸ ಪುಡಿ ಕೊಂಡವರು ಹೋದ ತಿಂಗಳು ಏನು ಕೊಂಡಿದ್ದರು ಎಂದು ಕೇಳಬೇಕು. ಹೆಚ್ಚಿನವರು ಸೋಪು ಅಥವಾ ನಿರ್ಮಾ ಎಂದರೆ ಸರಿಯಾದ ದಾರಿ. ಸರ್ಫ್ ಎಂದರೆ ಎರಡು ಸ್ಥಾನಗಳ ನಡುವಿನ ಗೋಡೆ ತೆಳುವಾಗಿದೆ ಎಂದರ್ಥ. ಹಾಗಾದಾಗ ಬೆಲೆಯನ್ನು ಮುಟ್ಟುವ ಮೊದಲು ಸರ್ಫ್ ತಾನು ಏನನ್ನು ಬೇರೆಯಾಗಿ ಕೊಡುತ್ತದೆ ಎಂಬುದನ್ನು ಮತ್ತೆ ಹೇಳಿಕೊಳ್ಳಬೇಕು.

ಎದುರು ದಿಕ್ಕಿನ ಕಷ್ಟ ನಿರ್ಮಾಗೆ ಬಂತು. 1990ರ ದಶಕದಲ್ಲಿ ಅವರು ಸೂಪರ್ ನಿರ್ಮಾ ಎಂಬ ಮೇಲಿನ ದರ್ಜೆಯ ಪುಡಿ ತಂದರು. ಬೆಲೆಯಲ್ಲಿ ಸರ್ಫ್‌ಗಿಂತ ಕಡಿಮೆಯೇ. ಆದರೂ ಸರ್ಫ್‌ನ ಜಾಗವನ್ನು ಅದು ಅಲುಗಾಡಿಸಲಿಲ್ಲ. ಅಗ್ಗ ಎಂಬ ಗುರುತನ್ನು ಅಷ್ಟು ವರ್ಷ, ಅಷ್ಟು ಶಿಸ್ತಿನಿಂದ ಕಟ್ಟಿದ ಹೆಸರೇ ಇಲ್ಲಿ ಅಡ್ಡ ಬಂತು ಎಂಬುದು ನನ್ನ ಅಭಿಪ್ರಾಯ. ಲಿವರ್ ಕೆಳಗಿಳಿಯುವಾಗ ಹೊಸ ಹೆಸರು ಬಳಸಿತು, ನಿರ್ಮಾ ಮೇಲೇರುವಾಗ ಹಳೆಯ ಹೆಸರನ್ನೇ ಹೊತ್ತುಕೊಂಡಿತು.

ಸರ್ಫ್ ಕೊನೆಗೆ ಲಲಿತಾಜಿಯ ವಾದವನ್ನು ಬಿಟ್ಟಿತು. ಸರ್ಫ್ ಎಕ್ಸೆಲ್ ಆದ ಮೇಲೆ ಅದರ ಜಾಹೀರಾತುಗಳಲ್ಲಿ ಬೆಲೆಯ ಲೆಕ್ಕ ಹಿಂದೆ ಸರಿಯಿತು, ಕಲೆ ಮುಂದೆ ಬಂತು. ಮಕ್ಕಳು ಆಡಿ ಬಟ್ಟೆ ಕೊಳೆ ಮಾಡಿಕೊಂಡು ಬಂದರೆ ಬೈಯಬೇಕಾಗಿಲ್ಲ ಎಂಬ ಮಾತಿನ ಸುತ್ತ ಅದು ನಿಂತಿತು. ನಿರ್ಮಾಗಾಗಲಿ ವೀಲ್‌ಗಾಗಲಿ ಹತ್ತಿರ ಬರಲಾಗದ ಜಾಗ ಅದು. ಅತ್ತ ಕೆಳಗಿನ ವಿಭಾಗದಲ್ಲಿ ಕಾನ್ಪುರದ ಘಡಿ ಎಂಬ ಪುಡಿ ದೊಡ್ಡ ಪಾಲು ಹಿಡಿಯಿತು.

ವಿದ್ಯಾರ್ಥಿಗಳಿಗೆ ಮನೆಗೆಲಸವಾಗಿ ಒಂದು ಪ್ರಶ್ನೆ ಬಿಟ್ಟು ಹೋಗುತ್ತೇನೆ. ಬಕೆಟ್ಟಿನಲ್ಲಿ ತೊಳೆಯುವವರಿಗೆ ನೊರೆಯೇ ಸಾಕ್ಷಿ, ನೊರೆ ಬಾರದಿದ್ದರೆ ಪುಡಿ ಸರಿಯಿಲ್ಲ ಎನ್ನುತ್ತಾರೆ. ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮೆಷಿನ್ನಿಗೆ ನೊರೆ ಹೆಚ್ಚಾದರೆ ಬಟ್ಟೆ ಸರಿಯಾಗಿ ಕುಕ್ಕಿ ಬೀಳುವುದಿಲ್ಲ, ಜಾಲಿಸಲು ನೀರೂ ಹೆಚ್ಚು ಬೇಕು. ಅದಕ್ಕೆ ನೊರೆ ಕಡಿಮೆ ಇರುವ ಪುಡಿ ಬೇರೆಯೇ ಬರುತ್ತದೆ. ಇಂದಿನ ಮನೆಯಲ್ಲಿ ಮೆಷಿನ್ ಒಂದು ಕಡೆ, ಕಾಲರ್ ತಿಕ್ಕಲು, ಒಳಬಟ್ಟೆ ನೆನೆಹಾಕಲು ಬಕೆಟ್ ಇನ್ನೊಂದು ಕಡೆ, ಕೊಳ್ಳುವ ವ್ಯಕ್ತಿ ಒಬ್ಬರೇ. ಈ ಮನೆ ಒಂದು ವಿಭಾಗವೋ, ಎರಡೋ? ಎರಡು ಎನ್ನುವುದಾದರೆ, ನೊರೆ ಬಾರದ ಪುಡಿಯನ್ನು ನೊರೆಯನ್ನೇ ನಂಬಿದವರಿಗೆ ಮಾರಲು ಪ್ಯಾಕಿನ ಮೇಲೆ ಏನು ಬರೆಯುತ್ತೀರಿ, ಎಷ್ಟು ಬೆಲೆ ಇಡುತ್ತೀರಿ, ಯಾವ ಅಂಗಡಿಯಲ್ಲಿ ಇಡುತ್ತೀರಿ? ನಾಲ್ಕೂ ಉತ್ತರಗಳು ಒಂದಕ್ಕೊಂದು ಹೊಂದುವಂತೆ ಎರಡು ಪುಟದಲ್ಲಿ ಬರೆದು ನಿಮ್ಮ ಅಧ್ಯಾಪಕರಿಗೆ ತೋರಿಸಿ.